ಅಕ್ಷರದೊಳಗೆ ಹರಿಯುವ ಹೊಳೆ

ಪೋಸ್ಟರ್‌ಗೆಂದು ‘ಕಾವೇರಿ’ ಎಂದು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಅದರ ಮೇಲಿನ ಲೇಯರ್‌ನಲ್ಲಿ ನದಿಯ ಫೋಟೊ ಇಡಿ. Alt ಒತ್ತಿಹಿಡಿದು ಎರಡು ಲೇಯರ್‌ಗಳ ನಡುವಿನ ಗೆರೆಯ ಮೇಲೆ ಕ್ಲಿಕ್ ಮಾಡಿದರೆ, ನೀರು ಅಕ್ಷರಗಳೊಳಗೆ ಮಾತ್ರ ಕಾಣುತ್ತದೆ. ಈ ಕ್ಲಿಪ್ಪಿಂಗ್ ಮಾಸ್ಕ್ ನನಗೆ ಇಷ್ಟವಾಗುವುದೇ ಇದಕ್ಕೆ: ಫೋಟೊದ ಒಂದು ಚುಕ್ಕೆಯೂ ಅಳಿಸಿಹೋಗಿರುವುದಿಲ್ಲ. ಫೋಟೊ ಸರಿಸಿದರೆ ‘ಕಾ’ದಲ್ಲಿದ್ದ ಬಂಡೆ ‘ವೇ’ಗೆ ಬರುತ್ತದೆ, ಪದವನ್ನೇ ತಿದ್ದಿದರೂ ನೀರು ಹೊಸ ಅಕ್ಷರವನ್ನು ತಾನಾಗಿ ತುಂಬಿಕೊಳ್ಳುತ್ತದೆ.

ಆಕಾರವನ್ನು ನಿರ್ಧರಿಸುವುದು ಕೆಳಗಿನ ಲೇಯರ್‌ನ ಬಣ್ಣವಲ್ಲ, ಪಾರದರ್ಶಕತೆ. ಅದರ ಅಂಚು ಮಸುಕಾಗಿದ್ದರೆ ಫೋಟೊವೂ ಅಲ್ಲಿ ಮೆಲ್ಲಗೆ ಕರಗುತ್ತದೆ, ಎಷ್ಟು ಚೆಂದ! ಅಕ್ಷರದ ಬದಲು ಬಿಳಿ ಹಿನ್ನೆಲೆಯ ಲೋಗೊ ಕೆಳಗಿಟ್ಟರೆ ಮಾತ್ರ ಫೋಟೊ ಆ ಬಿಳಿಯ ಮೇಲೂ ಹರಡಿಕೊಳ್ಳುತ್ತದೆ. ಮೊದಲು ಬಿಳಿಯನ್ನು ಅಳಿಸಿ, ಬೂದು-ಬಿಳಿ ಚೌಕಳಿ ಕಾಣುವಂತೆ ಮಾಡಿಕೊಳ್ಳಬೇಕು.