ಹಿಮಮಾನವನೂ ಅನುಪಲಬ್ಧಿಯೂ

ಹಿಮಾಲಯದ ನಿರ್ಜನ ಪ್ರದೇಶಗಳಲ್ಲಿ ಮನುಷ್ಯನಂತೆ ಎರಡು ಕಾಲುಗಳ ಮೇಲೆ ನಡೆಯುವ ಮಹಾಕಾಯದ ವಾನರವೊಂದು ಉಂಟೆಂಬ ಕಥೆ ಇಂದಿಗೂ ಅಳಿದಿಲ್ಲ. ಅದರ ದೇಹವಾಗಲಿ ಅಸ್ಥಿಯಾಗಲಿ ಪರೀಕ್ಷಕರ ಕೈಗೆ ಬಂದುದಿಲ್ಲ. ಹಾಗಿದ್ದೂ ಕಥೆ ಬಾಳುವುದಕ್ಕೆ ಜನರ ಅಜ್ಞಾನವೊಂದೇ ಕಾರಣವೆನ್ನುವುದು ಸುಲಭ; ಆದರೆ ಆ ಕಥೆಯ ಕಟ್ಟಡವನ್ನೇ ನೋಡಿದರೆ ಬೇರೆ ಕಾರಣಗಳು ತೋರುತ್ತವೆ.

ಮೊದಲನೆಯದು ಹೆಸರು. 1921ರಲ್ಲಿ ಎವರೆಸ್ಟ್ ಶಿಖರದ ದಾರಿಯನ್ನು ಶೋಧಿಸಹೋದ ತಂಡದ ನಾಯಕ ಹೊವರ್ಡ್-ಬರಿ ಹಿಮದಲ್ಲಿ ದೊಡ್ಡ ಹೆಜ್ಜೆಗಳನ್ನು ಕಂಡನು. ಅವು ತೋಳದವಿರಬೇಕೆಂದೇ ಅವನ ಊಹೆ. ಜೊತೆಯಲ್ಲಿದ್ದ ಹೊರೆಯಾಳುಗಳು ಮಾತ್ರ ಅವನ್ನು ‘ಮೆತೋ ಕಾಂಗ್ಮಿ’ಯ ಹೆಜ್ಜೆಗಳೆಂದರು. ಕಾಂಗ್ಮಿ ಎಂದರೆ ಹಿಮದ ಮನುಷ್ಯ. ‘ಮೆತೋ’ ಎಂಬುದಕ್ಕೆ ಕಲ್ಕತ್ತೆಯ ಪತ್ರಕರ್ತ ಹೆನ್ರಿ ನ್ಯೂಮನ್ ‘ಜುಗುಪ್ಸೆ ಹುಟ್ಟಿಸುವ’ ಎಂಬ ಅರ್ಥವನ್ನು ಕೊಟ್ಟನು. ಅದು ಮನುಷ್ಯನಂಥ ಕರಡಿ ಎಂಬರ್ಥದ ಪದದ ಅಪಭ್ರಂಶವೆಂದು ಅನಂತರದವರು ವಿವರಿಸಿದರು. ಹೀಗೆ ಹೆಸರಿನೊಳಗಿದ್ದ ಕರಡಿ ಭಾಷಾಂತರದಲ್ಲಿ ಮಾಯವಾಗಿ, ಭಯಂಕರನಾದ ಮನುಷ್ಯನೊಬ್ಬನು ಉಳಿದನು.

ಎರಡನೆಯದು ಪ್ರಮಾಣದ ಸ್ವಭಾವ. ನೇಪಾಳದ ಖುಮ್‌ಜುಂಗ್ ಗ್ರಾಮದ ಮಠದಲ್ಲಿ ಈ ಪ್ರಾಣಿಯದೆನ್ನಲಾದ ತಲೆಯ ತೊಗಲೊಂದಿತ್ತು. 1960ರಲ್ಲಿ ಹಿಲರಿಯು ಅದನ್ನು ಎರವಲು ಪಡೆದು, ಗ್ರಾಮದ ಹಿರಿಯನೊಬ್ಬನೊಡನೆ ವಿದೇಶಗಳಿಗೆ ಒಯ್ದು ಪಂಡಿತರಿಗೆ ತೋರಿಸಿದನು. ಸೆರೋ ಎಂಬ ಮೇಕೆಯಂಥ ಕಾಡುಪ್ರಾಣಿಯ ಚರ್ಮವನ್ನು ಅಚ್ಚಿಗೆ ಹಾಕಿ ಮಾಡಿದ ವಸ್ತು ಅದೆಂದು ತಿಳಿದುಬಂದಿತು. 2017ರಲ್ಲಿ ಈ ಪ್ರಾಣಿಯವೆನ್ನಲಾದ ಒಂಬತ್ತು ಕೂದಲು, ಎಲುಬು ಮೊದಲಾದ ಅವಶೇಷಗಳ ವಂಶದ್ರವ್ಯವನ್ನು ಪರೀಕ್ಷಿಸಿದಾಗ ಎಂಟು ಕರಡಿಗಳವು, ಒಂದು ನಾಯಿಯದು ಎಂದಾಯಿತು. ಆದರೂ ನಂಬಿಕೆ ಬೀಳಲಿಲ್ಲ. ಏಕೆಂದರೆ ಇಂಥ ಪರೀಕ್ಷೆ ‘ಈ ತೊಗಲು ಅದರದಲ್ಲ’ ಎನ್ನಬಲ್ಲುದೇ ಹೊರತು ‘ಅದೇ ಇಲ್ಲ’ ಎನ್ನಲಾರದು.

ಇಲ್ಲಿ ಮೀಮಾಂಸಕರ ವಿವೇಕ ಉಪಯುಕ್ತವಾಗಿದೆ. ಕಾಣದಿರುವುದನ್ನು, ಅಂದರೆ ಅನುಪಲಬ್ಧಿಯನ್ನು, ಭಾಟ್ಟರು ಒಂದು ಪ್ರಮಾಣವೆಂದು ಒಪ್ಪುತ್ತಾರೆ. ಆದರೆ ವಸ್ತು ಇದ್ದಿದ್ದರೆ ಕಂಡೇ ತೀರಬೇಕಾಗಿತ್ತೆಂಬ ಯೋಗ್ಯತೆ ಅದಕ್ಕೆ ಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ದುರ್ಗಮವಾದ ಬೆಟ್ಟವೇ ಈ ಕಥೆಯ ಕತ್ತಲೆಯ ಕೋಣೆ. ಆದುದರಿಂದಲೇ ಇಂಥ ಪ್ರಾಣಿ ಊರಿನ ಅಂಚಿನಲ್ಲಿ ನೆಲೆಸುವುದಿಲ್ಲ.

ಆದರೆ ಆ ಕೋಣೆಗೂ ದೀಪ ಬಂದಿದೆ. ಪ್ರಾಣಿಯೊಂದು ಶತಮಾನಗಳವರೆಗೆ ಉಳಿಯಬೇಕಾದರೆ ಒಂಟಿಯಾಗಿರಲಾರದು. ಹೆಣ್ಣು, ಗಂಡು, ಮರಿಗಳ ಸಂತತಿ ಬೇಕು. ಸಂತತಿ ಇದ್ದರೆ ಎಲುಬೂ ಲದ್ದಿಯೂ ಬೀಳಬೇಕು. ಜನರ ಕಣ್ಣಿಗೆ ಬಹು ವಿರಳವಾಗಿ ಬೀಳುವ ಹಿಮಚಿರತೆಯೂ ಅದೇ ಬೆಟ್ಟಗಳಲ್ಲಿ ಹೂಡಿಟ್ಟ ಕ್ಯಾಮರಾಗಳಿಗೆ ಸಿಕ್ಕುತ್ತಿದೆ. ಈ ವಾನರ ಸಿಕ್ಕಿಲ್ಲ. ಬೆಳಕು ಹೆಚ್ಚಿದಷ್ಟೂ ಅನುಪಲಬ್ಧಿಗೆ ಯೋಗ್ಯತೆ ಬರುತ್ತದೆ. ಕಥೆಯೂ ಇನ್ನೊಂದು ಬೆಟ್ಟದ ಆಚೆಗೆ ಸರಿಯುತ್ತದೆ.