ಸ್ಥಿರ ವೆಚ್ಚದ ಎರಡು ಅಳತೆಗಳು: ಬಲ ಮತ್ತು ಮಿತಿ

ವೆಚ್ಚಲೆಕ್ಕದ ಪಠ್ಯಗಳು ಸುರಕ್ಷತಾ ಅಂತರ ಮತ್ತು ಕಾರ್ಯಾಚರಣಾ ಲೆವರೇಜ್ ಎಂಬ ಎರಡು ಅಳತೆಗಳನ್ನು ಪ್ರತ್ಯೇಕ ಪರಿಕಲ್ಪನೆಗಳಂತೆ ಪರಿಚಯಿಸುವುದುಂಟು. ಲಾಭವೂ ನಷ್ಟವೂ ಇಲ್ಲದ ಮಾರಾಟದ ಮಟ್ಟವಾದ ಬ್ರೇಕ್ ಈವನ್ ಬಿಂದುವಿಗಿಂತ ಈಗಿನ ಮಾರಾಟದ ಎಷ್ಟು ಪಾಲು ಮೇಲಿದೆ ಎಂಬುದನ್ನು ಮೊದಲನೆಯದು ಹೇಳಿದರೆ, ಮಾರಾಟ ಶೇ 1ರಷ್ಟು ಏರಿಳಿದಾಗ ಬಡ್ಡಿ ಮತ್ತು ತೆರಿಗೆಗೆ ಮುಂಚಿನ ಲಾಭ ಶೇ ಎಷ್ಟು ಏರಿಳಿಯುತ್ತದೆ ಎಂಬುದನ್ನು ಎರಡನೆಯದು ಹೇಳುತ್ತದೆ. ಆದರೆ 1ನ್ನು ಸುರಕ್ಷತಾ ಅಂತರದಿಂದ ಭಾಗಿಸಿದರೆ ಬರುವುದೇ ಲೆವರೇಜ್ ಆದ್ದರಿಂದ, ಇವು ಎರಡು ಸಾಕ್ಷ್ಯಗಳಲ್ಲ, ಒಂದೇ ಸಾಕ್ಷ್ಯದ ಎರಡು ಹೇಳಿಕೆಗಳು. ಅವುಗಳ ಬಲವೂ ಮಿತಿಯೂ ಒಂದೇ ಮೂಲದಿಂದ ಹುಟ್ಟುತ್ತವೆ.

ಊದುಬತ್ತಿ ತಯಾರಿಸುವ ಎರಡು ಕಾಲ್ಪನಿಕ ಘಟಕಗಳನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಎರಡೂ ತಿಂಗಳಿಗೆ 10,000 ಕಿಲೋ ಮಾಲನ್ನು ಕಿಲೋಗೆ 100 ರೂಪಾಯಿಯಂತೆ ಮಾರುತ್ತವೆ. ಮೊದಲನೆಯದು ಬತ್ತಿ ಹೊಸೆಯುವವರಿಗೆ ಸಾವಿರ ಬತ್ತಿಗೆ ಇಷ್ಟೆಂದು ಕೂಲಿ ಕೊಡುವುದರಿಂದ, ಉತ್ಪಾದನೆಯೊಂದಿಗೆ ಏರಿಳಿಯುವ ಚರ ವೆಚ್ಚ ಅದಕ್ಕೆ ಕಿಲೋಗೆ 70 ರೂಪಾಯಿಯಾದರೆ, ಬಾಡಿಗೆ ಮತ್ತು ಸಂಬಳದಂಥ ಸ್ಥಿರ ವೆಚ್ಚ 2 ಲಕ್ಷ ರೂಪಾಯಿ. ಎರಡನೆಯದು ಯಂತ್ರಗಳನ್ನು ಹೂಡಿರುವುದರಿಂದ ಚರ ವೆಚ್ಚ 40 ರೂಪಾಯಿಗೆ ಇಳಿದು, ಯಂತ್ರಗಳ ಸವಕಳಿ, ನಿರ್ವಹಣೆ ಮತ್ತು ತಂತ್ರಜ್ಞರ ಸಂಬಳ ಸೇರಿ ಸ್ಥಿರ ವೆಚ್ಚ 5 ಲಕ್ಷಕ್ಕೆ ಏರಿದೆ. ಮಾರಾಟದಿಂದ ಚರ ವೆಚ್ಚ ಕಳೆದು ಉಳಿಯುವ ಮೊತ್ತವನ್ನು, ಅಂದರೆ ಕಾಂಟ್ರಿಬ್ಯೂಷನ್ ಅನ್ನು, ಲೆಕ್ಕ ಹಾಕಿದರೆ ಅದು ಕ್ರಮವಾಗಿ 3 ಲಕ್ಷ ಮತ್ತು 6 ಲಕ್ಷವಾಗುತ್ತದೆ; ಸ್ಥಿರ ವೆಚ್ಚ ಕಳೆದ ಬಳಿಕ ಎರಡಕ್ಕೂ ಉಳಿಯುವ ಲಾಭ 1 ಲಕ್ಷವೇ.

ಲಾಭದ ಪಟ್ಟಿಯಲ್ಲಿ ಕಾಣದ ಈ ವ್ಯತ್ಯಾಸವನ್ನು ಹೊರತೆಗೆಯುವುದೇ ಲೆವರೇಜಿನ ಹಿರಿಮೆ. ಕಾಂಟ್ರಿಬ್ಯೂಷನ್ ಅನ್ನು ಲಾಭದಿಂದ ಭಾಗಿಸಿದರೆ ಮೊದಲ ಘಟಕದ ಲೆವರೇಜ್ 3, ಎರಡನೆಯದರದು 6. ಸುರಕ್ಷತಾ ಅಂತರ ಕ್ರಮವಾಗಿ ಮಾರಾಟದ ಮೂರನೆಯ ಒಂದು ಪಾಲು ಮತ್ತು ಆರನೆಯ ಒಂದು ಪಾಲು. ಮಾರಾಟದ ಪ್ರಮಾಣ ಶೇ 10ರಷ್ಟು ಕುಸಿದರೆ ಮೊದಲನೆಯದರ ಲಾಭ 70,000ಕ್ಕೆ ಇಳಿದರೆ, ಎರಡನೆಯದರದು 40,000ಕ್ಕೆ ಇಳಿಯುತ್ತದೆ. ಶೇ 20ರಷ್ಟು ಕುಸಿದರೆ ಮೊದಲನೆಯದು 40,000 ಉಳಿಸಿಕೊಂಡಿರುವಾಗಲೇ ಎರಡನೆಯದು 20,000 ರೂಪಾಯಿ ನಷ್ಟಕ್ಕೆ ಬೀಳುತ್ತದೆ. ಮಾರಾಟ ಏರಿದಾಗ ಇದೇ ವರ್ಧನೆ ಯಂತ್ರದ ಘಟಕದ ಪರವಾಗಿ ಕೆಲಸ ಮಾಡುತ್ತದೆ.

ಆದರೆ ಲೆವರೇಜನ್ನು ಉದ್ಯಮದ ಸ್ಥಾಯಿ ಗುಣದಂತೆ ನಮೂದಿಸುವ ರೂಢಿ ತಪ್ಪುದಾರಿಗೆ ಎಳೆಯುತ್ತದೆ. ಮಾರಾಟ ಶೇ 10ರಷ್ಟು ಕುಸಿದ ಬಳಿಕ ಎರಡನೆಯ ಘಟಕದ ಕಾಂಟ್ರಿಬ್ಯೂಷನ್ 5,40,000 ಮತ್ತು ಲಾಭ 40,000 ಆಗುವುದರಿಂದ ಲೆವರೇಜ್ 6ರಿಂದ 13.5ಕ್ಕೆ ಜಿಗಿಯುತ್ತದೆ. ಸ್ಥಿರ ವೆಚ್ಚ ಬದಲಾಗಿಲ್ಲ, ಬ್ರೇಕ್ ಈವನ್ ಬಿಂದು ಹತ್ತಿರವಾಗಿದೆ, ಅಷ್ಟೆ. ಹೀಗಾಗಿ ಯಾವ ಮಾರಾಟದ ಮಟ್ಟದಲ್ಲಿ ಎಣಿಸಿದ್ದು ಎಂದು ತಿಳಿಸದ ಲೆವರೇಜಿಗೆ ಅರ್ಥವಿಲ್ಲ.

ಇದಕ್ಕಿಂತ ಗಂಭೀರವಾದ ಲೋಪ ಬೆಲೆಗೆ ಸಂಬಂಧಿಸಿದ್ದು. ಮಾರಿದ ಕಿಲೋಗಳ ಸಂಖ್ಯೆ ಹಾಗೆಯೇ ಇದ್ದು, ಪೈಪೋಟಿಯಿಂದಾಗಿ ಬೆಲೆ 90 ರೂಪಾಯಿಗೆ ಇಳಿದರೂ ಮಾರಾಟದ ಮೌಲ್ಯ ಶೇ 10ರಷ್ಟೇ ಕುಸಿಯುತ್ತದೆ. ಆದರೆ ಚರ ವೆಚ್ಚ ಇಳಿಯುವುದಿಲ್ಲವಾದ್ದರಿಂದ ಹೋದ 1 ಲಕ್ಷವೂ ನೇರವಾಗಿ ಲಾಭದಿಂದಲೇ ಹೋಗುತ್ತದೆ. ಲೆವರೇಜನ್ನು ನಂಬಿದವರು ಶೇ 30 ಮತ್ತು ಶೇ 60ರ ಇಳಿಕೆ ನಿರೀಕ್ಷಿಸುವಾಗ ಎರಡೂ ಘಟಕಗಳ ಲಾಭ ಸೊನ್ನೆಯಾಗಿರುತ್ತದೆ. ಸುರಕ್ಷಿತವೆಂದು ಕಂಡ ಮೊದಲ ಘಟಕಕ್ಕೂ ಬೆಲೆಯ ಹೊಡೆತದಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ, ಏಕೆಂದರೆ ಈ ಅಳತೆಗಳು ಬೆಲೆಯನ್ನು ಸ್ಥಿರವೆಂದು ಮೊದಲೇ ಒಪ್ಪಿಕೊಂಡಿವೆ.

ವೆಚ್ಚದ ವಿಂಗಡಣೆಯೂ ಪ್ರಶ್ನಾತೀತವಲ್ಲ. 2020ರ ಮಾರ್ಚ್ 25ರಿಂದ ಮೇ 24ರವರೆಗೆ ಭಾರತದಲ್ಲಿ ದೇಶೀಯ ಪ್ರಯಾಣಿಕ ವಿಮಾನಯಾನ ನಿಂತಾಗ ಇಂಧನದ ಖರ್ಚು ತಪ್ಪಿದರೂ ವಿಮಾನಗಳ ಗುತ್ತಿಗೆ ಬಾಡಿಗೆಯ ಹೊಣೆ ತಪ್ಪಲಿಲ್ಲ. ಸಂಬಳವನ್ನೂ ಸ್ಥಿರವೆಂದೇ ಎಣಿಸುವ ರೂಢಿಯಿದ್ದರೂ, ಆ ಜುಲೈನಲ್ಲಿ ಇಂಡಿಗೊ ಸಂಸ್ಥೆಯು ಶೇ 10ರಷ್ಟು ಸಿಬ್ಬಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಸ್ಥಿರತೆ ಎಂಬುದು ವೆಚ್ಚದ ಸ್ವಭಾವಕ್ಕಿಂತ ಹೆಚ್ಚಾಗಿ ಕರಾರು ಮತ್ತು ಕಾಲಾವಧಿಗೆ ಸೇರಿದ್ದು. ಊದುಬತ್ತಿ ಘಟಕದ ತುಂಡುಗೂಲಿ ಚರ ವೆಚ್ಚವೆನಿಸುವುದು ಸಹ, ಬೇಡಿಕೆ ಕುಸಿದಾಗ ಕೆಲಸ ಕಳೆದುಕೊಳ್ಳುವ ಅಪಾಯವನ್ನು ಹೊಸೆಯುವವರು ಹೊತ್ತಿರುವುದರಿಂದಲೇ.

ಆದ್ದರಿಂದ ಈ ಅಳತೆಗಳು ಒಂದು ಪ್ರಶ್ನೆಗೆ ಮಾತ್ರ, ಅಂದರೆ ಬೆಲೆ ಬದಲಾಗದೆ ಪ್ರಮಾಣವಷ್ಟೇ ಕುಗ್ಗಿದರೆ ಏನಾದೀತು ಎಂಬುದಕ್ಕೆ, ನಿಖರ ಉತ್ತರ ಕೊಡುತ್ತವೆ. ಯಂತ್ರ ಹೂಡಬೇಕೆ ಎಂದು ತೀರ್ಮಾನಿಸುವಾಗ ಅವುಗಳ ಪಕ್ಕದಲ್ಲಿ ಬೆಲೆ ಇಳಿಕೆಯ ಲೆಕ್ಕವನ್ನೂ, ಯಾವ ವೆಚ್ಚವನ್ನು ಎಷ್ಟು ತಿಂಗಳಲ್ಲಿ ಕಳಚಬಹುದೆಂಬ ಪಟ್ಟಿಯನ್ನೂ ಇರಿಸದಿದ್ದರೆ, ಸುರಕ್ಷತಾ ಅಂತರವು ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ.