ಸಾಲಿನ ತುದಿಯ ಗೆರೆ ಯಾರದು?

ಹಳೆಯ ಕನ್ನಡ ಪುಸ್ತಕದ ಫೋಟೊ ಪುಟಗಳನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಇಳಿಸುವ ಕೆಲಸದಲ್ಲಿ ನನಗೆ ಹೆಚ್ಚು ಸುಖ ಕೊಡುವ ಜಾಗ ಪುಟದ ಬಲ ಅಂಚು. ದಾರ ಹಿಡಿದಂತೆ ನೆಟ್ಟಗೆ ಇಳಿದ ಆ ಅಂಚಿನಲ್ಲಿ, ಕೆಲವು ಸಾಲುಗಳ ಕೊನೆಗೆ ಮಾತ್ರ ಒಂದು ಪುಟ್ಟ ಅಡ್ಡಗೆರೆ ಇರುತ್ತದೆ. ಓದುವವರು ಅದನ್ನು ನೋಡದೆ ದಾಟುತ್ತಾರೆ. ದಾಟಲೆಂದೇ ಅದು ಇರುವುದು. ಟೈಪ್ ಮಾಡುವವರು ಮಾತ್ರ ಪ್ರತಿ ಸಲವೂ ಅಲ್ಲಿ ನಿಲ್ಲಬೇಕು. ಈ ಹೈಫನ್ನನ್ನು ಉಳಿಸಬೇಕೋ, ಅಳಿಸಿ ಪದವನ್ನು ಕೂಡಿಸಬೇಕೋ? ಉತ್ತರ ಸಿಗುವುದು ಇನ್ನೊಂದು ಪ್ರಶ್ನೆ ಕೇಳಿಕೊಂಡಾಗ: ಈ ಗೆರೆ ಹಾಕಿದವರು ಯಾರು?

ಬಹುತೇಕ ಸಲ ಹಾಕಿದವನು ಮೊಳೆ ಜೋಡಿಸುತ್ತಿದ್ದವನು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಿಂದ ಒಂದೊಂದೇ ಅಚ್ಚುಮೊಳೆ ಆರಿಸಿ ಸಾಲು ಕಟ್ಟುತ್ತಿದ್ದ ಕೆಲಸ ಅದು. ಸಾಲಿನ ಅಗಲ ಮೊದಲೇ ಗೊತ್ತಾಗಿಬಿಟ್ಟಿರುತ್ತದೆ. ಕೊನೆಯ ಪದ ಹಿಡಿಸದಿದ್ದರೆ ಅವನ ಮುಂದೆ ಎರಡು ದಾರಿ. ಪದವನ್ನು ಪೂರ್ತಿಯಾಗಿ ಕೆಳಗಿನ ಸಾಲಿಗೆ ಕಳಿಸಿ, ಮೇಲಿನ ಸಾಲಿನ ಪದಗಳ ನಡುವೆ ಸ್ಪೇಸ್ ತುಂಬಿ ಹಿಗ್ಗಿಸಬಹುದು. ಇಲ್ಲವೆ ಪದವನ್ನು ಒಡೆದು ಗೆರೆ ಹಾಕಬಹುದು. ‘ಹೋಗಬೇಕಾಗಿದ್ದುದರಿಂದ’ ಎಂಬಂಥದನ್ನು ಒಂದೇ ಪದವಾಗಿ ಬರೆಯುವ ನಮ್ಮ ಭಾಷೆಯಲ್ಲಿ ಮೊದಲ ದಾರಿ ಹಿಡಿದರೆ ಸಾಲಿನ ನಡುವೆ ದೊಡ್ಡ ದೊಡ್ಡ ಬಿಳಿ ಕಂಡಿಗಳು ಬೀಳುತ್ತವೆ. ಹಾಗಾಗಿ ಒಡೆಯುವುದೇ ವಾಡಿಕೆಯಾಯಿತು.

ಎಲ್ಲಿ ಒಡೆಯಬೇಕು ಎನ್ನುವುದಕ್ಕೆ ಕನ್ನಡ ಲಿಪಿಯೇ ಗಟ್ಟಿಯಾದ ನಿಯಮ ಕೊಟ್ಟಿದೆ. ಅಕ್ಷರ ಮುರಿಯುವಂತಿಲ್ಲ. ಒತ್ತು ತನ್ನ ಮೇಲಿನ ಅಕ್ಷರವನ್ನು ಬಿಟ್ಟು ಹೋಗುವುದಿಲ್ಲ, ಸೊನ್ನೆ ತನ್ನ ಹಿಂದಿನ ಅಕ್ಷರವನ್ನು ಬಿಡುವುದಿಲ್ಲ. ಕಿವಿಗೆ ‘ಕನ್ನಡ’ ಎಂಬುದು ‘ಕನ್’, ‘ನಡ’ ಎಂದು ಕೇಳಿಸಿದರೂ ಪುಟದಲ್ಲಿ ಅದು ಒಡೆಯುವುದು ‘ಕ’, ‘ನ್ನಡ’ ಎಂದೇ. ಇಷ್ಟು ನಿಯಮ ಪಾಲಿಸಿದ ಮೇಲೆ ಉಳಿದದ್ದು ಕೆಲಸಗಾರನ ಅಭಿರುಚಿ. ಒಳ್ಳೆಯ ಕೈ ‘ಪುಸ್ತಕಗಳನ್ನೆಲ್ಲ’ ಎಂಬುದನ್ನು ‘ಪುಸ್ತಕ-’ ಎಂದು ನಿಲ್ಲಿಸಿ, ‘ಗಳನ್ನೆಲ್ಲ’ ಎಂಬುದನ್ನು ಕೆಳಗಿಡುತ್ತದೆ. ಅರ್ಥ ಒಡೆಯುವಲ್ಲೇ ಪದವೂ ಒಡೆಯುತ್ತದೆ, ಓದುವವರ ಕಣ್ಣು ಎಡವುವುದಿಲ್ಲ. ಅವಸರದ ಕೈ ಅದನ್ನೇ ‘ಪು-’ ಎಂದು ಒಡೆದು ‘ಸ್ತಕಗಳನ್ನೆಲ್ಲ’ ಎಂದು ಕೆಳಗಿಡುತ್ತದೆ. ನಿಯಮದ ಪ್ರಕಾರ ತಪ್ಪಿಲ್ಲ, ಆದರೆ ಕಣ್ಣಿಗೆ ಒರಟು. ಒಂದೇ ಪುಸ್ತಕದ ಹತ್ತಾರು ಪುಟ ನೋಡಿದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹೆಸರೂ ಗೊತ್ತಿಲ್ಲದ ಒಬ್ಬ ಕೆಲಸಗಾರನ ನಾಜೂಕುತನ ನಮಗೆ ಉಳಿದಿರುವುದು ಇಲ್ಲಿಯೇ.

ಆದರೂ ಇಂಥ ಗೆರೆಯನ್ನು ಅಳಿಸಬೇಕು. ಅದು ಆ ಪುಟದ ಅಗಲಕ್ಕೆ ಹುಟ್ಟಿದ್ದು. ಪಠ್ಯ ಪರದೆಗೆ ಬಂದ ಮೇಲೆ ಸಾಲಿನ ಅಗಲ ಬದಲಾಗುತ್ತದೆ, ಸಾಲಿನ ನಡುವೆ ‘ಪುಸ್ತಕ-ಗಳನ್ನೆಲ್ಲ’ ಎಂದು ಉಳಿದರೆ ಓದಿಗೂ ಅಡ್ಡಿ, ಹುಡುಕಾಟಕ್ಕೂ ಅಡ್ಡಿ. ಒಡೆದ ಜಾಗದ ಗುರುತು ಬೇಕೇ ಬೇಕು ಎನ್ನುವ ಗ್ರಂಥಸಂಪಾದಕರಿಗೆ ಟಿಇಐ ಎಂಬ ಗುರುತು ಪದ್ಧತಿಯಲ್ಲಿ ಅನುಕೂಲವಿದೆ. ಸಾಲು ಇಲ್ಲಿ ಮುರಿಯಿತು, ಪದ ಮುರಿಯಲಿಲ್ಲ ಎಂದು ಹೀಗೆ ಹೇಳಬಹುದು:

```
ಪುಸ್ತಕ<lb break="no"/>ಗಳನ್ನೆಲ್ಲ
```

ಕೂಡಿಸುವಾಗ ಕನ್ನಡಕ್ಕೇ ವಿಶೇಷವಾದ ಒಂದು ತೊಡಕು ಎದುರಾಗುತ್ತದೆ. ಸಾಲಿನ ಕೊನೆಗೆ ‘ಸ್ಟೇಷನ್-’, ಕೆಳಗೆ ‘ಗೆ’ ಇದೆ ಎನ್ನಿ. ಹೈಫನ್ ಅಳಿಸಿದ ಕೂಡಲೇ ಕಂಪ್ಯೂಟರು ನ್ ಮತ್ತು ಗೆ ಎರಡನ್ನೂ ಬೆಸೆದು ‘ಸ್ಟೇಷನ್ಗೆ’ ಎಂದು ಒತ್ತಕ್ಷರ ಮಾಡಿಬಿಡುತ್ತದೆ. ಪುಸ್ತಕದಲ್ಲಿ ಅಂಥ ಒತ್ತು ಇಲ್ಲವೇ ಇಲ್ಲ. ಹೈಫನ್ ತೆಗೆದ ಜಾಗದಲ್ಲಿ ಕಣ್ಣಿಗೆ ಕಾಣದ U+200C ಚಿಹ್ನೆಯನ್ನು ಇಟ್ಟರೆ ‘ಸ್ಟೇಷನ್‌ಗೆ’ ಎಂದು ಸರಿಯಾಗಿ ನಿಲ್ಲುತ್ತದೆ. ಸಾಲಿನ ಕೊನೆಯ ಹೈಫನ್‌ಗಳನ್ನು ಒಂದೇ ಏಟಿಗೆ ಅಳಿಸುವ ಆದೇಶ ಕೊಟ್ಟ ಪಠ್ಯಗಳಲ್ಲಿ ಇಂಥ ಹೊಸ ಒತ್ತಕ್ಷರಗಳು ಸಿಗುತ್ತವೆ. ಅರ್ಧಾಕ್ಷರದ ಮೇಲೆ ಮುಗಿಯುವ ಸಾಲುಗಳನ್ನು ಬೇರೆಯಾಗಿಯೇ ನೋಡಬೇಕು.

ಇನ್ನು ಫೋಟೊದಲ್ಲಿ ಗೆರೆಯೇ ಕಾಣದಿರುವ ಸಂದರ್ಭ. ಪುಸ್ತಕ ತೆರೆದಿಟ್ಟಾಗ ಎಡಪುಟದ ಸಾಲುಗಳು ಮುಗಿಯುವುದು ಹೊಲಿಗೆಯ ಕಡೆಗೆ. ಕಾಗದ ಅಲ್ಲಿ ಬಾಗುತ್ತದೆ, ನೆರಳು ಬೀಳುತ್ತದೆ, ತೆಳ್ಳಗಿನ ಗೆರೆ ಆ ಕಪ್ಪಿನಲ್ಲಿ ಕರಗಿಹೋಗುತ್ತದೆ. ಬಲಪುಟದ ಸಾಲು ಮುಗಿಯುವುದು ಹೊರ ಅಂಚಿನಲ್ಲಿ. ಅಲ್ಲಿ ಫೋಟೊದ ಅಂಚು ಕತ್ತರಿಸುವಾಗ ಗೆರೆ ಹೋಗುತ್ತದೆ. ಗೆರೆ ಹೋದರೂ ಕೆಳಗಿನ ಸಾಲಿನ ಮೊದಲ ಅಕ್ಷರ ಗುಟ್ಟು ಬಿಟ್ಟುಕೊಡುತ್ತದೆ. ಕನ್ನಡದ ಪದ ಳಕಾರದಿಂದ ಶುರುವಾಗುವುದಿಲ್ಲ, ನ್ನ, ಲ್ಲ, ದ್ದ ಇಂಥ ಸಜಾತೀಯ ಒತ್ತಕ್ಷರಗಳಿಂದಲೂ ಶುರುವಾಗುವುದಿಲ್ಲ. ಸಾಲೊಂದು ‘ಳಿಗೆ’ ಎಂದೋ ‘ಲ್ಲಿದ್ದ’ ಎಂದೋ ತೆರೆದುಕೊಂಡರೆ ಮೇಲಿನ ಸಾಲಿನ ಕೊನೆಯಲ್ಲಿ ಪದದ ಅರ್ಧ ಇದೆ ಎಂದೇ ತಿಳಿಯಬೇಕು. ತಾಳೆಗರಿಯಲ್ಲಿ ಓದುತ್ತಿದ್ದವರ ಕೌಶಲವೂ ಇದೇ. ಅಲ್ಲಿ ಹೈಫನ್ ಇರಲಿಲ್ಲ, ಪದಗಳ ನಡುವೆ ತೆರಪೂ ಇರುತ್ತಿರಲಿಲ್ಲ. ಗರಿ ಮುಗಿದಲ್ಲಿ ಸಾಲು ಮುಗಿಯಿತು, ಅಷ್ಟೆ.

ಗೆರೆ ಲೇಖಕರದೇ ಆಗಿರುವ ಜಾಗಗಳೂ ಇವೆ. ಸಾಲಿನ ಕೊನೆಗೆ ‘ಹೆಚ್ಚು-’ ಎಂದಿದೆ, ಕೆಳಗೆ ‘ಕಡಿಮೆ’ ಎಂದಿದೆ. ಅಚ್ಚಿನ ಕನ್ನಡದಲ್ಲಿ ಈ ಜೋಡಿ ‘ಹೆಚ್ಚುಕಡಿಮೆ’ ಎಂದೂ ಸಿಗುತ್ತದೆ, ‘ಹೆಚ್ಚು-ಕಡಿಮೆ’ ಎಂದೂ ಸಿಗುತ್ತದೆ, ಬಿಡಿಬಿಡಿಯಾಗಿ ‘ಹೆಚ್ಚು ಕಡಿಮೆ’ ಎಂದೂ ಸಿಗುತ್ತದೆ. ಮೂರರಲ್ಲಿ ಒಂದನ್ನು ಈ ಗೆರೆಯೇ ತಳ್ಳಿಹಾಕಿದೆ. ಬಿಡಿ ಪದಗಳಾಗಿದ್ದರೆ ಮೊಳೆ ಜೋಡಿಸುವವನಿಗೆ ಗೆರೆ ಹಾಕುವ ಕಾರಣವೇ ಇರಲಿಲ್ಲ, ಸಾಲು ಅಲ್ಲಿಗೆ ಸುಮ್ಮನೆ ಮುಗಿಯುತ್ತಿತ್ತು. ಉಳಿದ ಎರಡರಲ್ಲಿ ಯಾವುದು ಎನ್ನುವುದಕ್ಕೆ ಅದೇ ಪುಸ್ತಕದ ಬೇರೆ ಪುಟಗಳನ್ನು ಹುಡುಕಬೇಕು. ಆ ಪದ ಸಾಲಿನ ನಡುವೆ ಬಂದಿರುವ ಕಡೆ ಮಾತ್ರ ಸಾಕ್ಷಿಯಾಗುತ್ತದೆ. ಸಾಲಿನ ಕೊನೆಯಲ್ಲಿ ಬಂದದ್ದೆಲ್ಲ ಇದೇ ಅನುಮಾನಕ್ಕೆ ಒಳಪಟ್ಟದ್ದು. ನಡುವೆ ಎಲ್ಲೂ ಸಿಗದಿದ್ದರೆ ಅದರ ಬಳಗ ನೋಡಬಹುದು. ‘ತಂದೆ-ತಾಯಿ’, ‘ಹಗಲು-ರಾತ್ರಿ’ ಎಂದು ಸಾಲಿನ ನಡುವೆಯೂ ಗೆರೆ ಹಾಕುವ ಲೇಖಕರಾದರೆ ಅದನ್ನು ಅವರದೇ ಗೆರೆ ಎಂದು ಉಳಿಸಿಕೊಳ್ಳುವುದು ನ್ಯಾಯ. ನಮಗೆ ಇವತ್ತು ರೂಢಿಯಾಗಿರುವ ರೂಪವನ್ನು ಮಾತ್ರ ಅವರ ಮೇಲೆ ಹೊರಿಸಬಾರದು.

ಇಷ್ಟಾದರೂ ತೀರ್ಮಾನವಾಗದ ಪದಗಳಿರುತ್ತವೆ. ಗುಟೆನ್‌ಬರ್ಗ್ ಪ್ರಾಜೆಕ್ಟಿಗೆ ಪುಸ್ತಕ ಸಿದ್ಧ ಮಾಡುವ ‘ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್’ ಬಳಗ 2000ರಿಂದ ಈ ಕೆಲಸ ಮಾಡುತ್ತಿದೆ. ಅವರ ಪದ್ಧತಿ ನನಗೆ ತುಂಬ ಹಿಡಿಸಿದೆ. ಖಚಿತವಾದದ್ದನ್ನು ಕೂಡಿಸು, ಅನುಮಾನವಿದ್ದರೆ ಹೈಫನ್ ಉಳಿಸಿ ಪಕ್ಕದಲ್ಲಿ ಒಂದು ನಕ್ಷತ್ರ ಹಾಕು. ನಮ್ಮ ಪದಕ್ಕೆ ಅನ್ವಯಿಸಿದರೆ ‘ಹೆಚ್ಚು-*ಕಡಿಮೆ’. ಪದ ಪುಟದ ಕೊನೆಯಲ್ಲಿ ಒಡೆದು ಮುಂದಿನ ಪುಟಕ್ಕೆ ಹೋದಾಗಲೂ ನಕ್ಷತ್ರವೇ ಕಾವಲು. ಒಂದೊಂದು ಪುಟ ಒಬ್ಬೊಬ್ಬರ ಕೈಯಲ್ಲಿರುವಾಗ, ಇಡೀ ಪುಸ್ತಕವನ್ನು ಒಟ್ಟಿಗೆ ನೋಡುವವರಿಗೆ ತೀರ್ಮಾನ ಬಿಟ್ಟುಕೊಡುವ ವಿನಯ ಅದರಲ್ಲಿದೆ.

ಈ ಎಲ್ಲ ಲೆಕ್ಕವೂ ತಲೆಕೆಳಗಾಗುವುದು ಕಾವ್ಯದ ಪುಟಕ್ಕೆ ಬಂದಾಗ. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲಿನ ಆ ಪದ್ಯದಲ್ಲಿ 1, 2, 4, 5ನೆಯ ಸಾಲುಗಳಿಗೆ ಮೂರು, ನಾಲ್ಕು, ಮೂರು, ನಾಲ್ಕರಂತೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳು ಉದ್ದ, ಮೂರು ನಾಲ್ಕು ಮೂರು ಸಲ ಬಂದು ಮೇಲೊಂದು ಗುರು, ಒಟ್ಟು 23. ಎಲ್ಲ ಸಾಲುಗಳಲ್ಲೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದು ಪ್ರಾಸ. ಮಾತು ಸಾಲಿಗೆ ಸರಿಯಾಗಿ ನಿಲ್ಲಲೇಬೇಕೆಂದಿಲ್ಲ; ಪದ ಒಂದು ಸಾಲಿನಲ್ಲಿ ಹುಟ್ಟಿ ಇನ್ನೊಂದಕ್ಕೆ ಉಕ್ಕಿ ಹರಿಯಬಹುದು. ತೋರಿಸಲೆಂದು ಮೂರು ಸಾಲು ನಾನೇ ಕಟ್ಟಿದ್ದೇನೆ:

ಬಳಲಿ ಬಂದವ ಕುಳಿತ ಮನೆಯಂ-
ಗಳದಿ ನೀರನು ಕುಡಿದು ಮೆಲ್ಲಗೆ
ಕೊಳದ ದಾರಿಯ ಕೇಳಿ ನಡೆದನು ಬಿಸಿಲ ಬೇಗೆಯಲಿ

ಬಳ, ಗಳ, ಕೊಳ: ಳಕಾರ ಮೂರೂ ಸಾಲಿನಲ್ಲಿ ತನ್ನ ಜಾಗದಲ್ಲಿ ಕೂತಿದೆ. ‘ಮನೆಯಂಗಳದಿ’ ಒಂದೇ ಪದವೆಂದು ಗದ್ಯದ ರೂಢಿಯಂತೆ ಕೂಡಿಸಿ ಮೇಲಿನ ಸಾಲಿಗೆ ಎಳೆದುಕೊಂಡರೆ ಆ ಸಾಲು 17 ಮಾತ್ರೆಗೆ ಬೆಳೆಯುತ್ತದೆ, ಕೆಳಗಿನದು 11ಕ್ಕೆ ಕುಗ್ಗುತ್ತದೆ. ಎರಡನೆಯ ಸಾಲು ‘ನೀರನು’ ಎಂದು ಶುರುವಾಗಿ ಪ್ರಾಸವೂ ಹೋಯಿತು. ಇಲ್ಲಿ ಪದವನ್ನು ಒಡೆದದ್ದು ಪುಟದ ಅಗಲವಲ್ಲ, ಛಂದಸ್ಸು. ಗೆರೆ ಹಾಕಿದವರು ಸಂಪಾದಕರು. ಕೆಲವು ಮುದ್ರಣಗಳಲ್ಲಿ ಆ ಗೆರೆಯೂ ಇರುವುದಿಲ್ಲ, ಸಾಲು ಒಡೆದಂತೆಯೇ ಬಿಟ್ಟಿರುತ್ತಾರೆ. ಇದ್ದಲ್ಲಿ ಅದನ್ನು ತಪ್ಪದೆ ಉಳಿಸಬೇಕು. ಪದ ಇನ್ನೂ ಮುಗಿದಿಲ್ಲ, ಉಸಿರಿಗೆ ನಿಲ್ಲಬೇಡಿ ಎಂದು ಓದುವವರಿಗೆ ಹೇಳುವುದು ಆ ಗೆರೆಯೇ. ಗಮಕಿಗಳು ವಾಚನ ಮಾಡುವಾಗ ಸಾಲಿನ ತುದಿಯಲ್ಲಿ ನಿಲ್ಲದೆ ಅರ್ಥ ಕೂಡುವಲ್ಲಿ ನಿಲ್ಲುತ್ತಾರೆ. ಕಣ್ಣಿಗೆ ಪ್ರಾಸ, ಕಿವಿಗೆ ಪದ, ಎರಡೂ ಕೆಡದೆ ಸಿಗುತ್ತವೆ. ಛಂದಸ್ಸು ಗೊತ್ತಿದ್ದು ಪದ್ಯವನ್ನು ಪುಟದಲ್ಲಿ ನೋಡುವ ಸುಖದ ಒಂದು ಪಾಲು ಇದು.

ಅದೇ ಪದ್ಯದಲ್ಲಿ ಮೊಳೆ ಜೋಡಿಸುವವನ ಗೆರೆಯೂ ನುಸುಳಬಹುದು. ಚಿಕ್ಕ ಆಕಾರದ ಪುಸ್ತಕದಲ್ಲಿ 23 ಮಾತ್ರೆಯ ಉದ್ದ ಸಾಲು ಹಿಡಿಸುವುದಿಲ್ಲ. ಅವನು ‘ಬಿಸಿಲ ಬೇಗೆ-’ ಎಂದು ನಿಲ್ಲಿಸಿ, ಉಳಿದ ‘ಯಲಿ’ಯನ್ನು ಕೆಳಗೆ ಬಲಕ್ಕೆ ಸರಿಸಿ ಇಡುತ್ತಾನೆ. ಈಗ ಒಂದೇ ಪದ್ಯದಲ್ಲಿ ಎರಡು ಹೈಫನ್, ಫೋಟೊದಲ್ಲಿ ಎರಡೂ ಒಂದೇ ಥರ. ‘ಯಲಿ’ಯ ಎರಡನೆಯ ಅಕ್ಷರ ಲಕಾರ; ಪ್ರಾಸದ ಳಕಾರ ಅಲ್ಲಿಲ್ಲ. ಮಾತ್ರೆ ಎಣಿಸಿದರೆ ‘ಬೇಗೆ’ಗೆ 20 ಮಾತ್ರೆ ಆಗಿ ಸಾಲು ಅರ್ಧಕ್ಕೇ ನಿಂತಿದೆ, ‘ಯಲಿ’ ಸೇರಿದರಷ್ಟೇ 23 ತುಂಬುತ್ತದೆ. ಕೊನೆಯ ‘ಲಿ’ ಸಾಲಿನ ತುದಿಯಲ್ಲಿ ಗುರುವಾಗುತ್ತದೆ ಎಂಬುದನ್ನು ಎಣಿಕೆಯಲ್ಲಿ ಸೇರಿಸಿಕೊಳ್ಳಬೇಕು. ಹಾಗಾಗಿ ‘ಬೇಗೆಯಲಿ’ಯನ್ನು ಕೂಡಿಸಿ ಒಂದೇ ಸಾಲಿಗೆ ತರಬೇಕು, ‘ಮನೆಯಂ-’ ಇದ್ದ ಹಾಗೆಯೇ ಇರಬೇಕು.